ಗೊತ್ತಿಲ್ಲದ್ದಕ್ಕೂ ಒಂದು ತಾರೀಖು ಹಾಕಿ

*ಕಾರ್ಕಳದಲ್ಲಿ ನಮ್ಮ ಗೇರುಬೀಜದ ಫ್ಯಾಕ್ಟರಿ ಇದೆ. ಇಲ್ಲಿಯ ಗ್ರೇಡಿಂಗ್, ಪ್ಯಾಕಿಂಗನ್ನು ನವೆಂಬರ್ 2ರಿಂದ ಮಂಗಳೂರು ಹತ್ತಿರದ ನಮ್ಮದೇ ಬೈಕಂಪಾಡಿ ಯೂನಿಟ್‌ಗೆ ಸೇರಿಸುತ್ತಿದ್ದೇವೆ. ಅಲ್ಲಿಗೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಯಂತ್ರ, ಕಲರ್ ಸಾರ್ಟರ್ ಬರುತ್ತಿದೆ, ಸೆಪ್ಟೆಂಬರ್ ಮಧ್ಯದಲ್ಲಿ ಟ್ರಯಲ್. ಬೀಜ ಬೇಯಿಸುವುದು, ಒಡೆಯುವುದು, ಸಿಪ್ಪೆ ತೆಗೆಯುವುದು ಕಾರ್ಕಳದಲ್ಲೇ ಇರುತ್ತದೆ. ಗ್ರೇಡಿಂಗ್‌ನ 26 ಹೆಂಗಸರಲ್ಲಿ ಎಷ್ಟು ಮಂದಿ ಬೇಕಾಗುತ್ತಾರೆ ಅಂತ ಅಕ್ಟೋಬರ್ ಕೊನೆಗೆ ಗೊತ್ತಾಗಬಹುದು. ಎಲ್ಲ ಖಚಿತವಾದ ಮೇಲೆ ಹೇಳಿದರೆ ಸಾಕು ಅಂತಾರೆ ತಂದೆ. ನೋಟಿಸ್‌ನ ಕರಡು ಕಳಿಸಿದ್ದೇನೆ. ಹೀಗೆ ಹಾಕಬಹುದೇ?*
*— ಹೆಸರು ಬೇಡ, ಕಾರ್ಕಳ*

ಹಾಕಬೇಡಿ. ಹಾಗಂತ ನಿಮ್ಮ ತಂದೆಯವರು ಹೇಳಿದಂತೆ ಕಾಯುವುದೂ ಬೇಡ. ಬೈಕಂಪಾಡಿಯಲ್ಲಿ ಹೊಸ ಯಂತ್ರಕ್ಕೆ ಜಾಗ ಖಾಲಿ ಮಾಡಿದ ದಿನವೇ ಕಾರ್ಕಳಕ್ಕೆ ಸುದ್ದಿ ಮುಟ್ಟಿರುತ್ತದೆ. ಎರಡೂ ಕಡೆ ಓಡಾಡುವ ಟೆಂಪೋ ಡ್ರೈವರ್ ಒಬ್ಬ ಸಾಕು. ನೀವು ಸುಮ್ಮನಿದ್ದಷ್ಟು ದಿನ ಆ ಸುದ್ದಿಗೆ ಕೈಕಾಲು ಬೆಳೆಯುತ್ತದೆ.

ನಿಮ್ಮ ಕರಡಿನ ಮುಖ್ಯ ಸಾಲು ಇದು: "ಸಂಸ್ಥೆಯ ಸರ್ವಾಂಗೀಣ ಬೆಳವಣಿಗೆಗಾಗಿ ಕೆಲವು ಪುನರ್ರಚನಾ ಕ್ರಮಗಳನ್ನು ಕೈಗೊಳ್ಳಲಾಗುತ್ತಿದ್ದು, ಸಿಬ್ಬಂದಿ ವರ್ಗದವರು ಆತಂಕಪಡುವ ಅಗತ್ಯವಿರುವುದಿಲ್ಲ." ಇದರಲ್ಲಿ ಬೈಕಂಪಾಡಿ ಇಲ್ಲ, ಗ್ರೇಡಿಂಗ್ ಇಲ್ಲ, ನವೆಂಬರ್ ಇಲ್ಲ. ನನಗೆ ಬರೆದ ಪತ್ರದಲ್ಲಿ ಮೂರನೇ ಮಾತಿಗೇ ಬಂದ ಯಂತ್ರ ನೋಟಿಸ್‌ನಲ್ಲಿ ಎಲ್ಲೂ ಇಲ್ಲ. ಇದನ್ನು ಓದಿದರೆ ಗ್ರೇಡಿಂಗ್‌ನವರಷ್ಟೇ ಅಲ್ಲ, ಸಿಪ್ಪೆ ತೆಗೆಯುವವರೂ ಹೆದರುತ್ತಾರೆ. ಅವರ ಕೆಲಸದಲ್ಲಿ ಬದಲಾವಣೆಯೇ ಇಲ್ಲ ಅಲ್ವಾ? ಅದನ್ನು ಹೇಳದೆ ಅವರ ನಿದ್ದೆ ಯಾಕೆ ಕೆಡಿಸುತ್ತೀರಿ?

ನಾನಾದರೆ ಹೀಗೆ ಬರೆಯುತ್ತಿದ್ದೆ:

"ನವೆಂಬರ್ 2ರಿಂದ ಗ್ರೇಡಿಂಗ್ ಮತ್ತು ಪ್ಯಾಕಿಂಗ್ ಕೆಲಸ ಬೈಕಂಪಾಡಿಯಲ್ಲಿ ನಡೆಯುತ್ತದೆ. ಅಲ್ಲಿ ಕಲರ್ ಸಾರ್ಟರ್ ಹಾಕುತ್ತಿದ್ದೇವೆ. ಇದರಿಂದ ಕೈಯಲ್ಲಿ ಆರಿಸುವ ಕೆಲಸ ಕಡಿಮೆಯಾಗುತ್ತದೆ. ಈ ನಿರ್ಧಾರ ಆಗಿದೆ, ಬದಲಾಗುವುದಿಲ್ಲ.

ಬೇಯಿಸುವ, ಒಡೆಯುವ, ಸಿಪ್ಪೆ ತೆಗೆಯುವ ವಿಭಾಗಗಳು ಕಾರ್ಕಳದಲ್ಲೇ ಇರುತ್ತವೆ. ಅಲ್ಲಿಯವರ ಸಮಯ, ಸಂಬಳದ ಲೆಕ್ಕ ಈಗಿನಂತೆಯೇ ಇರುತ್ತದೆ. ಬೈಕಂಪಾಡಿಗೆ ಬರುವವರ ಹಳೆ ಸರ್ವಿಸ್ ಮುಂದುವರಿಯುತ್ತದೆ. ಈ ವರ್ಷದ ಬೋನಸ್‌ಗೆ ಇದರಿಂದ ತೊಂದರೆ ಇಲ್ಲ.

ಗ್ರೇಡಿಂಗ್‌ನ 26 ಜನರಲ್ಲಿ ಎಷ್ಟು ಮಂದಿಗೆ ಬೈಕಂಪಾಡಿಯಲ್ಲಿ ಕೆಲಸ ಇರುತ್ತದೆ ಎಂಬುದು ಇನ್ನೂ ಗೊತ್ತಿಲ್ಲ. ಕೆಲವರ ಕೆಲಸ ಹೋಗುವ ಸಾಧ್ಯತೆ ಇದೆ. ಯಂತ್ರದ ಟ್ರಯಲ್ ನೋಡಿ, ಸೆಪ್ಟೆಂಬರ್ 30ರಂದು ಇದನ್ನೂ, ಬಸ್ಸಿನ ವ್ಯವಸ್ಥೆಯನ್ನೂ ತಿಳಿಸುತ್ತೇವೆ."

"ಕೆಲವರ ಕೆಲಸ ಹೋಗುವ ಸಾಧ್ಯತೆ ಇದೆ" ಎಂಬ ಸಾಲನ್ನು ತೆಗೆಯೋಣ ಅಂತ ನಿಮ್ಮ ತಂದೆ ಖಂಡಿತ ಹೇಳುತ್ತಾರೆ. ತೆಗೆಯಬೇಡಿ. ಸಾರ್ಟರ್ ಕ್ಯಾಮೆರಾದಲ್ಲಿ ನೋಡಿ, ಬಣ್ಣ ಕೆಟ್ಟ ಬೀಜವನ್ನು ಗಾಳಿಯಿಂದ ಹೊರಗೆ ಹಾರಿಸುತ್ತದೆ. ಕೊನೆಯ ತಪಾಸಣೆಗೆ ಮಾತ್ರ ಕೈ ಬೇಕು. ಎಷ್ಟು ಕೈ ಅನ್ನುವುದು ನಿಮ್ಮ ಮಾಲನ್ನು ಅದರಲ್ಲಿ ಓಡಿಸಿದ ಮೇಲಷ್ಟೇ ತಿಳಿಯುತ್ತದೆ. ವರ್ಷಗಟ್ಟಲೆ ಮೇಜಿನ ಮುಂದೆ ಕೂತು ಬಿಳಿ ಬೀಜ, ಕಂದಿದ ಬೀಜ ಬೇರೆ ಮಾಡಿದವರಿಗೆ ಈ ಯಂತ್ರ ಯಾಕೆ ಬಂತು ಅಂತ ಯಾರೂ ವಿವರಿಸಬೇಕಾಗಿಲ್ಲ.

ಸೆಪ್ಟೆಂಬರ್ 30 ಯಾಕೆ ಅಂದರೆ, ನಿಮ್ಮ ಲೆಕ್ಕದ ಅಕ್ಟೋಬರ್ ಕೊನೆ ಕಾನೂನಿಗೆ ಹೊಂದುವುದಿಲ್ಲ. ವರ್ಷ ತುಂಬಿದ ಕೆಲಸಗಾರರನ್ನು ಕಡಿತ ಮಾಡುವುದಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಕೂಲಿಯ ಲೆಕ್ಕ, ಕೆಲಸದ ಸಮಯ, ಜನರ ಸಂಖ್ಯೆ ಇಂಥದ್ದನ್ನು ಬದಲಿಸಲು 21 ದಿನ ಮುಂಚೆ ನೋಟಿಸ್ ಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮಗಳು 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿವೆ. ಅಕ್ಟೋಬರ್ 28ಕ್ಕೆ ನಿರ್ಧಾರ ಮಾಡಿ ನವೆಂಬರ್ 2ಕ್ಕೆ ಜಾರಿ ಮಾಡುವ ಹಾಗಿಲ್ಲ. ಗೇಟಿನ ಮೇಲೆ ಅಂಟಿಸುವ ಕಾಗದ ಈ ಕಾನೂನಿನ ನೋಟಿಸ್ ಅಲ್ಲ. ಅದನ್ನು ನಿಗದಿತ ನಮೂನೆಯಲ್ಲಿ ಬೇರೆಯಾಗಿ ಕೊಡಬೇಕು. ಕಾರ್ಮಿಕ ಕಾನೂನಿನ ವಕೀಲರನ್ನು ಈಗಲೇ ನೋಡಿ.

ಯಾರನ್ನು ಬಿಡುತ್ತೀರಿ ಅನ್ನುವುದಕ್ಕೂ ಒಂದು ಕ್ರಮ ಇದೆ. ಒಂದೇ ಬಗೆಯ ಕೆಲಸದಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರು ಮೊದಲು. ಹೆಸರು ಹೇಳಲು ಆಗದಿದ್ದರೂ ಈ ಕ್ರಮವನ್ನು ಮೊದಲ ದಿನವೇ ಹೇಳಬಹುದು. ಸೂಪರ್‌ವೈಸರ್‌ಗೆ ಆಗದವರ ಪಟ್ಟಿ ತಯಾರಾಗುತ್ತಿದೆ ಅನ್ನುವ ಗುಮಾನಿ ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ.

ದುಡ್ಡಿನ ಲೆಕ್ಕವನ್ನೂ ತಯಾರಿಟ್ಟುಕೊಳ್ಳಿ. ದಿನಕ್ಕೆ ಸರಾಸರಿ 500 ರೂಪಾಯಿ ದುಡಿಯುವ, 12 ವರ್ಷ ಸರ್ವಿಸ್ ಆದ ಒಬ್ಬರು ಅಂದುಕೊಳ್ಳಿ. ಕಡಿತದ ಪರಿಹಾರ ವರ್ಷಕ್ಕೆ 15 ದಿನದ ಸಂಬಳದಂತೆ 90,000 ರೂಪಾಯಿ. ಗ್ರಾಚ್ಯುಟಿ ಬೇರೆ, ಅದೂ ವರ್ಷಕ್ಕೆ 15 ದಿನದ ಲೆಕ್ಕವೇ, ಇನ್ನೊಂದು 90,000. ನೋಟಿಸ್ ತಿಂಗಳಿನ ಸಂಬಳ ಇವೆರಡರ ಹೊರಗೆ. ಇದನ್ನು ನೋಟಿಸ್‌ನಲ್ಲಿ ಹಾಕುವುದು ಬೇಡ, ಆದರೆ ಕೇಳಿದವರಿಗೆ "ನೋಡೋಣ" ಅನ್ನಬೇಡಿ.

"ಏನು ಬದಲಾಗುವುದಿಲ್ಲ" ಅನ್ನುವ ಭಾಗದಲ್ಲಿ ಕೈ ಬಿಗಿ ಇರಲಿ. ಜನರಿಗೆ ಧೈರ್ಯ ಹೇಳುವ ಆಸೆಯಲ್ಲಿ ಜಾಸ್ತಿ ಮಾತು ಕೊಡುವುದು ಇಲ್ಲೇ. ಕಾರ್ಕಳ ಯೂನಿಟ್ ಯಾವತ್ತೂ ಮುಚ್ಚುವುದಿಲ್ಲ ಅಂತ ನಿಮ್ಮ ಕರಡಿನ ಕೊನೆಯಲ್ಲಿದೆ. ಯಾವತ್ತೂ ಅನ್ನುವುದು ನಿಮ್ಮ ಕೈಲಿಲ್ಲ. ಮುಂದಿನ ಮಾರ್ಚ್‌ವರೆಗೆ ಬೇರೆ ಬದಲಾವಣೆಯ ಯೋಚನೆ ಇಲ್ಲ, ಅದು ನಿಜವಾದರೆ ಅಷ್ಟೇ ಬರೆಯಿರಿ.

ನೀವು ಪತ್ರದಲ್ಲಿ ಕೇಳದ ವಿಷಯ ಬಸ್ಸಿನದು. ಕಾರ್ಕಳದಿಂದ ಬೆಳ್ಮಣ್ ಮೇಲೆ ಪಡುಬಿದ್ರಿಗೆ ಬಂದು, ಅಲ್ಲಿ ಬಸ್ ಬದಲಿಸಿ ಬೈಕಂಪಾಡಿ ಸೇರಬೇಕು. ಎಂಟು ಗಂಟೆಯ ಕೆಲಸಕ್ಕೆ ಆರಕ್ಕೇ ಮನೆ ಬಿಡಬೇಕಾಗುತ್ತದೆ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಅನ್ನಬಹುದು, ಆದರೆ ನಮ್ಮ ಕರಾವಳಿಯಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್, ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ನಿಮಗೆ ಇದು ಯೂನಿಟ್ ಸೇರಿಸುವ ಕೆಲಸ. ಅವರಿಗೆ ಇದು ಮಕ್ಕಳನ್ನು ಶಾಲೆಗೆ ಕಳಿಸುವವರು ಯಾರು ಅನ್ನುವ ಪ್ರಶ್ನೆ. ಕಂಪನಿ ವ್ಯಾನ್ ಇಡುತ್ತೀರೋ, ಬಸ್ ಚಾರ್ಜು ಕೊಡುತ್ತೀರೋ, ಎರಡೂ ಇಲ್ಲವೋ, ಸೆಪ್ಟೆಂಬರ್ 30ಕ್ಕೆ ಉತ್ತರ ಬೇಕು. ಅದಿಲ್ಲದೆ "ಬೈಕಂಪಾಡಿಯಲ್ಲಿ ಕೆಲಸ ಇದೆ" ಅಂದರೆ ಹಲವರಿಗೆ ಇಲ್ಲ ಅಂದ ಹಾಗೆಯೇ.

ಹೇಳುವ ದಿನ ಶನಿವಾರ ಸಂಜೆ ಬೇಡ. ಭಾನುವಾರ ಪೂರ್ತಿ ಕೇಳಲು ಯಾರೂ ಸಿಗದೆ ಒದ್ದಾಡುತ್ತಾರೆ. ವಾರದ ಮಧ್ಯೆ, ಬೆಳಿಗ್ಗೆ, ಮೊದಲು ಗ್ರೇಡಿಂಗ್‌ನ 26 ಜನರಿಗೆ, ಅವರದೇ ಕೋಣೆಯಲ್ಲಿ. ಆಮೇಲೆ ಒಂದು ಗಂಟೆಯೊಳಗೆ ಉಳಿದವರಿಗೆ. ಕಾಗದ ಕನ್ನಡದಲ್ಲಿರಲಿ, ಮಾತು ತುಳುವಿನಲ್ಲಾಗಲಿ. ಕಾಗದ ಓದಿ ಮುಗಿಸಿ ಹೊರಟುಬಿಡಬೇಡಿ, ಅರ್ಧ ಗಂಟೆ ಅಲ್ಲೇ ಕೂತಿರಿ. ಮೊದಲ ಹತ್ತು ನಿಮಿಷ ಯಾರೂ ಬಾಯಿ ಬಿಡುವುದಿಲ್ಲ, ನಿಜವಾದ ಪ್ರಶ್ನೆ ಬರುವುದು ಆಮೇಲೆ.

ಟ್ರಯಲ್ ತಡವಾದರೆ? ಯಂತ್ರ ತಡವಾಗುವುದೇ ಜಾಸ್ತಿ. ಆಗಲೂ 30ನೇ ತಾರೀಖು ಅದೇ ಜಾಗದಲ್ಲಿ ನಿಂತು, ಇನ್ನೂ ಗೊತ್ತಾಗಿಲ್ಲ, ಕಾರಣ ಇದು, ಮುಂದಿನ ತಾರೀಖು ಇದು ಅಂತ ಹೇಳಿ. ಜೊತೆಗೆ ನವೆಂಬರ್ 2ನ್ನೂ ಅಷ್ಟೇ ದಿನ ಮುಂದೆ ಹಾಕಿ. ನಿಮ್ಮ ತಡವನ್ನು ಅವರ ನೋಟಿಸ್ ಅವಧಿಯಿಂದ ಕತ್ತರಿಸಬೇಡಿ.

ಇನ್ನೊಂದು ಸಣ್ಣ ತಿದ್ದುಪಡಿ. ಕರಡಿನ ಕೆಳಗೆ "ಆಡಳಿತ ವರ್ಗ" ಅಂತಿದೆ. ಅದನ್ನು ಹೊಡೆದು ನಿಮ್ಮ ಹೆಸರು, ಮೊಬೈಲ್ ನಂಬರ್, ದಿನಾ ಯಾವ ಹೊತ್ತಿಗೆ ಆಫೀಸಿನಲ್ಲಿ ಸಿಗುತ್ತೀರಿ ಅನ್ನುವುದನ್ನು ಬರೆಯಿರಿ.

— ಸಂ.