ನೀಲನಕ್ಷೆಯಲ್ಲಿ ಸ್ಮರಣೆ, ತಿಳುವಳಿಕೆ, ಅನ್ವಯ ಅಂತ ಇರುವ ಕಾಲಂಗಳನ್ನು ಓದುವುದು ಹೇಗೆ?

ಪ್ರಶ್ನೆ: ವಿಜ್ಞಾನ ಪರೀಕ್ಷೆಯ ನೀಲನಕ್ಷೆ ಕೊಟ್ಟಿದ್ದಾರೆ. ಅದರಲ್ಲಿ ಸ್ಮರಣೆ, ತಿಳುವಳಿಕೆ, ಅನ್ವಯ ಅಂತ ಮೂರು ಕಾಲಂ ಇವೆ, ಮನೆಗಳ ಒಳಗೆ 2(1), 3(1) ಅಂತೆಲ್ಲ ಬರೆದಿದೆ. ಇದನ್ನು ಹೇಗೆ ಓದೋದು? ಓದಿದರೆ ತಯಾರಿಗೆ ಏನಾದರೂ ಉಪಯೋಗ ಇದೆಯಾ, ಇಲ್ಲ ಇದು ಮೇಷ್ಟ್ರುಗಳಿಗೆ ಮಾತ್ರವಾ?

ಉತ್ತರ:

ಮೊದಲು ಕಂಸದ ಗೊಂದಲ ಮುಗಿಸಿಬಿಡೋಣ. ಸಾಮಾನ್ಯವಾಗಿ ಕಂಸದ ಹೊರಗಿರುವುದು ಅಂಕ, ಒಳಗಿರುವುದು ಪ್ರಶ್ನೆಗಳ ಸಂಖ್ಯೆ. ಅಂದರೆ 3(1) ಎಂದರೆ ಒಂದು ಪ್ರಶ್ನೆ, ಮೂರು ಅಂಕ. 4(2) ಎಂದರೆ ಎರಡು ಪ್ರಶ್ನೆ, ಎರಡೂ ಸೇರಿ ನಾಲ್ಕು ಅಂಕ. ಆದರೆ ಕೆಲವರು ಇದನ್ನೇ ತಿರುಗಿಸಿ ಬರೆಯುತ್ತಾರೆ, ಪಟ್ಟಿಯ ಕೆಳಗೆ ಸೂಚನೆಯನ್ನೂ ಕೊಟ್ಟಿರುವುದಿಲ್ಲ. ಹಾಗಾಗಿ ಊಹಿಸಬೇಡಿ, ಕೂಡಿ ನೋಡಿ. ಹೊರಗಿನ ಅಂಕಿಗಳನ್ನೆಲ್ಲ ಕೂಡಿದಾಗ ಪತ್ರಿಕೆಯ ಒಟ್ಟು ಅಂಕ ಬಂದರೆ ಹೊರಗಿರುವುದು ಅಂಕ. ಒಟ್ಟು ಪ್ರಶ್ನೆಗಳ ಸಂಖ್ಯೆ ಬಂದರೆ ನೀವು ಉಲ್ಟಾ ಓದಬೇಕು. ಒಂದೇ ಅಧ್ಯಾಯದ ಸಾಲನ್ನು ಕೂಡಿದರೂ ಸಾಕು, ಆ ಅಧ್ಯಾಯಕ್ಕೆ ಎಷ್ಟು ಅಂಕ ಎಂದು ಬೇರೆ ಕಡೆ ಕೊಟ್ಟೇ ಇರುತ್ತಾರೆ.

ಇನ್ನು ಪಟ್ಟಿಯ ವಿಷಯ. ಲೆಕ್ಕ ಸುಲಭವಾಗಲಿ ಎಂದು 40 ಅಂಕದ ಒಂದು ಕಾಲ್ಪನಿಕ ವಿಜ್ಞಾನ ಪತ್ರಿಕೆ ತೆಗೆದುಕೊಳ್ಳುತ್ತೇನೆ. ಪ್ರಶ್ನೆಗಳ ಸಂಖ್ಯೆ ಬಿಟ್ಟು ಅಂಕಗಳನ್ನಷ್ಟೇ ಹಾಕಿದ್ದೇನೆ.

| ಅಧ್ಯಾಯ | ಸ್ಮರಣೆ | ತಿಳುವಳಿಕೆ | ಅನ್ವಯ | ಒಟ್ಟು |
|---|---|---|---|---|
| ವಿದ್ಯುಚ್ಛಕ್ತಿ | 2 | 5 | 5 | 12 |
| ಬೆಳಕು | 3 | 4 | 3 | 10 |
| ಆಮ್ಲ, ಪ್ರತ್ಯಾಮ್ಲ, ಲವಣ | 4 | 4 | 2 | 10 |
| ಜೀವಕ್ರಿಯೆಗಳು | 3 | 5 | 0 | 8 |
| ಒಟ್ಟು | 12 | 18 | 10 | 40 |

ಹೆಚ್ಚಿನ ವಿದ್ಯಾರ್ಥಿಗಳು ನೋಡುವುದು ಬಲಗಡೆಯ ಕೊನೆಯ ಕಾಲಂ ಮಾತ್ರ: ಯಾವ ಪಾಠಕ್ಕೆ ಎಷ್ಟು ಅಂಕ. ಸ್ವಲ್ಪ ಮುಂದೆ ಹೋದವರು ಕೆಳಗಿನ ಸಾಲನ್ನೂ ನೋಡುತ್ತಾರೆ: ಸ್ಮರಣೆ ಶೇ 30, ತಿಳುವಳಿಕೆ ಶೇ 45, ಅನ್ವಯ ಶೇ 25. ಇವೆರಡೂ ಪಟ್ಟಿಯ ಅಂಚು. ನೀಲನಕ್ಷೆಯ ನಿಜವಾದ ಮಾಹಿತಿ ಇರುವುದು ನಡುವಿನ ಮನೆಗಳಲ್ಲಿ.

ಏಕೆಂದರೆ ಶೇಕಡಾವಾರು ಹಂಚಿಕೆಯನ್ನು ಪಾಲಿಸಬೇಕಾದದ್ದು ಇಡೀ ಪತ್ರಿಕೆ, ಪ್ರತಿ ಅಧ್ಯಾಯವೂ ಅಲ್ಲ. ಅನ್ವಯಕ್ಕೆ ಶೇ 25 ಎಂದ ಮಾತ್ರಕ್ಕೆ ವಿದ್ಯುಚ್ಛಕ್ತಿಯ 12 ಅಂಕದಲ್ಲಿ 3 ಅಂಕ ಅನ್ವಯಕ್ಕೆ ಎಂದು ಗುಣಿಸಿದರೆ ತಪ್ಪಾಗುತ್ತದೆ. ಮೇಲಿನ ಪಟ್ಟಿಯಲ್ಲಿ ಅಲ್ಲಿರುವುದು 5. ಜೀವಕ್ರಿಯೆಗಳಲ್ಲಿ ಅದೇ ಲೆಕ್ಕದಂತೆ 2 ಬರಬೇಕಿತ್ತು, ಇರುವುದು ಸೊನ್ನೆ. ಪತ್ರಿಕೆ ತಯಾರಿಸುವವರು ಅನ್ವಯದ ಅಂಕಗಳನ್ನು ಲೆಕ್ಕ, ಚಿತ್ರ, ಹೊಸ ಸನ್ನಿವೇಶಗಳಿಗೆ ಸುಲಭವಾಗಿ ಒಗ್ಗುವ ಪಾಠಗಳ ಕಡೆ ತಳ್ಳುತ್ತಾರೆ. ವಿವರಣೆ ಹೆಚ್ಚಿರುವ ಪಾಠಗಳಿಂದ ಸ್ಮರಣೆ, ತಿಳುವಳಿಕೆಯ ಅಂಕಗಳನ್ನು ತುಂಬಿಸಿಕೊಳ್ಳುತ್ತಾರೆ. ಆದ್ದರಿಂದ ಒಂದೇ ರೀತಿ ಓದಿ ಎರಡೂ ಪಾಠ ಮುಗಿಸಿದ ಹುಡುಗನಿಗೆ ಜೀವಕ್ರಿಯೆಯಲ್ಲಿ ಅಂಕ ಬಂದು ವಿದ್ಯುಚ್ಛಕ್ತಿಯಲ್ಲಿ ಕೈಕೊಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಮಗೆ ಸಿಕ್ಕಿರುವುದು ಅಂಚಿನ ಅಂಕಿಗಳು ಮಾತ್ರ, ಒಳಗಿನ ಮನೆಗಳು ಇಲ್ಲ ಎಂದಾದರೆ, ಅದೇ ಮಾದರಿಯ ಮೂರು ಪತ್ರಿಕೆಗಳನ್ನು ಇಟ್ಟುಕೊಂಡು ಪ್ರತಿ ಪ್ರಶ್ನೆಯ ಪಕ್ಕ ಅಧ್ಯಾಯದ ಹೆಸರು ಮತ್ತು ಸ್ಮ, ತಿ, ಅ ಇವುಗಳಲ್ಲಿ ಒಂದನ್ನು ಪೆನ್ಸಿಲಿನಲ್ಲಿ ಬರೆದು ಕೂಡಿ. ಮೂರೂ ಪತ್ರಿಕೆಗಳಲ್ಲಿ ಒಂದೇ ಮನೆ ತುಂಬಿ ಬಂದರೆ ಅದನ್ನು ನಂಬಬಹುದು. ಒಂದರಲ್ಲಿ ಮಾತ್ರ ಬಂದದ್ದು ಆಕಸ್ಮಿಕ.

ಗುರುತು ಹಾಕುವಾಗಲೇ ನಿಜವಾದ ತೊಡಕು ಶುರುವಾಗುತ್ತದೆ. ‘ಹೆಸರಿಸಿ’ ಎಂದರೆ ಸ್ಮರಣೆ, ‘ವಿವರಿಸಿ’ ಎಂದರೆ ತಿಳುವಳಿಕೆ, ‘ಲೆಕ್ಕ ಮಾಡಿ’ ಎಂದರೆ ಅನ್ವಯ ಎಂದು ಕ್ರಿಯಾಪದ ನೋಡಿ ವಿಂಗಡಿಸುವ ಚಾರ್ಟುಗಳು ಎಲ್ಲೆಲ್ಲೂ ಓಡಾಡುತ್ತಿವೆ. ನನಗೆ ಅವುಗಳ ಮೇಲೆ ನಂಬಿಕೆ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಉತ್ತರ ಪುಸ್ತಕದಲ್ಲಿ ಇದ್ದ ಹಾಗೇ ಇದೆಯೇ, ಅಥವಾ ವಿದ್ಯಾರ್ಥಿ ಈಗ ಕಟ್ಟಿಕೊಳ್ಳಬೇಕೇ?

ವಿದ್ಯುಚ್ಛಕ್ತಿ ಪಾಠದ್ದೇ ಉದಾಹರಣೆ ನೋಡಿ. ‘ಓಮನ ನಿಯಮವನ್ನು ನಿರೂಪಿಸಿ’ ಸ್ಮರಣೆ, ಅದರಲ್ಲಿ ಅನುಮಾನವಿಲ್ಲ. ‘ಒಂದೇ ಲೋಹದ, ಒಂದೇ ಉದ್ದದ ಎರಡು ತಂತಿಗಳಲ್ಲಿ ಒಂದು ದಪ್ಪ, ಇನ್ನೊಂದು ತೆಳ್ಳಗಿದೆ. ಯಾವುದರ ರೋಧ ಹೆಚ್ಚು? ಏಕೆ?’ ಇದು ತಿಳುವಳಿಕೆ. ರೋಧಕ್ಕೂ ತಂತಿಯ ಅಡ್ಡಕೊಯ್ತದ ವಿಸ್ತೀರ್ಣಕ್ಕೂ ಇರುವ ವಿಲೋಮ ಸಂಬಂಧವನ್ನು ಸ್ವಂತ ಮಾತಿನಲ್ಲಿ ಹೇಳಬೇಕು. ‘6 Ω ರೋಧಕಗಳೆರಡನ್ನು ಸಮಾಂತರವಾಗಿ ಜೋಡಿಸಿ, ಅದಕ್ಕೆ ಸರಣಿಯಲ್ಲಿ 3 Ω ರೋಧಕ ಸೇರಿಸಿ, 12 V ಬ್ಯಾಟರಿಗೆ ಸಂಪರ್ಕಿಸಿದೆ. ಮಂಡಲದ ಒಟ್ಟು ವಿದ್ಯುತ್ ಪ್ರವಾಹ ಎಷ್ಟು?’ ಇದು ಅನ್ವಯ. ಯಾವ ಸೂತ್ರ ಎಲ್ಲಿ ಎಂದು ಪ್ರಶ್ನೆ ಹೇಳುವುದಿಲ್ಲ, ಮಂಡಲ ನೋಡಿ ನೀವೇ ನಿರ್ಧರಿಸಬೇಕು.

ಈಗ ಇನ್ನೊಂದು: ‘ಮನೆಯ ವಿದ್ಯುತ್ ಉಪಕರಣಗಳನ್ನು ಸರಣಿಯ ಬದಲು ಸಮಾಂತರವಾಗಿ ಏಕೆ ಜೋಡಿಸುತ್ತಾರೆ?’ ನೋಡಿದರೆ ಅನ್ವಯದಂತೆ ಕಾಣುತ್ತದೆ, ಮನೆ ಬಂತು, ಉಪಕರಣ ಬಂತು. ಆದರೆ ಈ ಪ್ರಶ್ನೆಯೂ ಉತ್ತರವೂ ಪಠ್ಯಪುಸ್ತಕದಲ್ಲಿ ಅಚ್ಚಾಗಿದ್ದರೆ ಅದು ಸ್ಮರಣೆಯೇ. ಅದೇ ರೀತಿ V ಮತ್ತು R ಕೊಟ್ಟು I ಕೇಳುವ ಒಂದು ಹೆಜ್ಜೆಯ ಲೆಕ್ಕವನ್ನು ತರಗತಿಯಲ್ಲಿ ಇಪ್ಪತ್ತು ಸಲ ಮಾಡಿಸಿದ್ದರೆ ಅದರಲ್ಲಿ ಅನ್ವಯ ಉಳಿದಿರುವುದಿಲ್ಲ. ಹಾಗಾಗಿ ಪತ್ರಿಕೆ ತಯಾರಿಸಿದವರ ಗುರುತಿಗೂ ನಿಮ್ಮ ಗುರುತಿಗೂ ಒಂದೆರಡು ಪ್ರಶ್ನೆಗಳಲ್ಲಿ ವ್ಯತ್ಯಾಸ ಬಂದರೆ ತಲೆಕೆಡಿಸಿಕೊಳ್ಳಬೇಡಿ.

ಕಾಲಂ ಹೆಸರುಗಳ ಬಗ್ಗೆ ಒಂದು ಮಾತು. ಇವುಗಳ ಮೂಲ 1956ರ ಬ್ಲೂಮ್ ವರ್ಗೀಕರಣ. ಅದರಲ್ಲಿ ಆರು ಹಂತಗಳಿದ್ದವು, ಮೊದಲನೆಯದು ‘ಜ್ಞಾನ’. 2001ರ ಪರಿಷ್ಕರಣೆಯಲ್ಲಿ ಅದು ‘ನೆನಪಿಸಿಕೊಳ್ಳುವುದು’ ಆಯಿತು. ನಿಮ್ಮ ಪಟ್ಟಿಯಲ್ಲಿ ‘ಸ್ಮರಣೆ’ ಬದಲು ‘ಜ್ಞಾನ’ ಎಂದಿದ್ದರೂ ಅದೇ ಕಾಲಂ. ‘ಗ್ರಹಿಕೆ’ ಎಂದರೆ ‘ತಿಳುವಳಿಕೆ’. ‘ಕೌಶಲ’ ಎಂಬ ನಾಲ್ಕನೆಯ ಕಾಲಂ ಇದ್ದರೆ ಅದು ಹೆಚ್ಚಾಗಿ ಚಿತ್ರ, ನಕ್ಷೆ, ಗ್ರಾಫ್ ಬಿಡಿಸುವ ಪ್ರಶ್ನೆಗಳಿಗೆ.

ಇನ್ನೂ ಒಂದು ಪಟ್ಟಿ ಇರಬಹುದು: ಸುಲಭ, ಸಾಧಾರಣ, ಕಠಿಣ. ಅದನ್ನು ಈ ಮೂರರ ಜೊತೆ ಬೆರೆಸಬೇಡಿ. ಪುಸ್ತಕದ ಮೂಲೆಯಲ್ಲಿರುವ ಒಂದು ರಾಸಾಯನಿಕದ ಹೆಸರು ಕೇಳಿದರೆ ಅದು ಸ್ಮರಣೆಯೇ, ಆದರೆ ಕಠಿಣ. ಎರಡು ಹೆಜ್ಜೆಯ ಹೊಸ ಲೆಕ್ಕ ಅನ್ವಯ, ಆದರೆ ಸುಲಭ ಇರಬಹುದು. ‘ಅನ್ವಯ ಕಷ್ಟ, ಬಿಟ್ಟುಬಿಡೋಣ’ ಎನ್ನುವವರು ಈ ಎರಡನ್ನು ಒಂದೇ ಎಂದುಕೊಂಡವರು. ಸ್ಮರಣೆಯೊಂದನ್ನೇ ನಂಬಿ ಕೂರುವುದೂ ಆಗದು: ಮೇಲಿನ ಪಟ್ಟಿಯಲ್ಲಿ ಪಾಸಾಗಲು ಶೇ 35 ಬೇಕೆಂದರೆ 14 ಅಂಕ, ಸ್ಮರಣೆ ಪೂರ್ತಿ ಬಂದರೂ 12 ಮಾತ್ರ.

ನೀಲನಕ್ಷೆ ಹೆಚ್ಚು ಕೆಲಸಕ್ಕೆ ಬರುವುದು ಓದುವ ಮೊದಲಲ್ಲ, ಅಭ್ಯಾಸ ಪರೀಕ್ಷೆ ಬರೆದ ಮೇಲೆ. 40ಕ್ಕೆ 26 ಬಂತು ಎಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಅದೇ ಅಂಕವನ್ನು ಪಟ್ಟಿಯ ಮನೆಗಳಿಗೆ ಹಂಚಿ: ಸ್ಮರಣೆ 12ಕ್ಕೆ 11, ತಿಳುವಳಿಕೆ 18ಕ್ಕೆ 12, ಅನ್ವಯ 10ಕ್ಕೆ 3 ಎಂದುಕೊಳ್ಳೋಣ. ಅನ್ವಯದಲ್ಲಿ ಹೋದ 7 ಅಂಕಗಳಲ್ಲಿ 4 ವಿದ್ಯುಚ್ಛಕ್ತಿಯದು, 2 ಬೆಳಕಿನದು, 1 ಆಮ್ಲಗಳದ್ದು. ಈ ವಿದ್ಯಾರ್ಥಿ ಪಾಠವನ್ನು ಮತ್ತೊಮ್ಮೆ ಮೊದಲಿನಿಂದ ಓದಿದರೆ ಆಗುವ ಲಾಭ ಹೆಚ್ಚೆಂದರೆ ಸ್ಮರಣೆಯ ಆ ಒಂದು ಅಂಕ.

ಈಗ ಉತ್ತರಪತ್ರಿಕೆ ತೆರೆದು ಆ 4 ಅಂಕ ಎಲ್ಲಿ ಹೋಯಿತೆಂದು ನೋಡಿ. ಮೇಲಿನ ಮಂಡಲದ ಲೆಕ್ಕಕ್ಕೆ 3 ಅಂಕ, ಹಂತಕ್ಕೆ ಒಂದೊಂದು: ಸಮಾಂತರ ಭಾಗದ ರೋಧ 3 Ω, ಒಟ್ಟು ರೋಧ 6 Ω, ಪ್ರವಾಹ 12/6 = 2 A. ವಿದ್ಯಾರ್ಥಿ ಬರೆದಿದ್ದು 6 + 6 + 3 = 15 Ω, ಆಮೇಲೆ 12/15 = 0.8 A. ಸೂತ್ರ ಸರಿಯಾಗಿ ಬಳಸಿದ್ದಕ್ಕೆ ಒಂದು ಅಂಕ ಸಿಕ್ಕಿದೆ. ಉಳಿದ 2 ಅಂಕದ ಪ್ರಶ್ನೆಯೂ ಮಂಡಲದ್ದೇ, ಅದಕ್ಕೆ ಸೊನ್ನೆ. ಅಂದರೆ ಸೂತ್ರ ಗೊತ್ತಿದೆ, ಭಾಗಾಕಾರ ಬರುತ್ತದೆ. ಗೊತ್ತಿಲ್ಲದ್ದು ಯಾವುದು ಸರಣಿ, ಯಾವುದು ಸಮಾಂತರ ಎಂದು ಗುರುತಿಸುವುದು. ಸೋತದ್ದು ಅನ್ವಯದ ಕಾಲಂನಲ್ಲಿ, ಕೊರತೆ ಇರುವುದು ತಿಳುವಳಿಕೆಯ ಕಾಲಂನಲ್ಲಿ. ಇದಕ್ಕೆ ಇನ್ನಷ್ಟು ಲೆಕ್ಕ ಮಾಡುವುದು ಮದ್ದಲ್ಲ. ಹತ್ತು ಮಂಡಲದ ಚಿತ್ರ ತೆಗೆದುಕೊಂಡು, ಏನೂ ಲೆಕ್ಕ ಹಾಕದೆ, ಪ್ರವಾಹ ಎಲ್ಲಿ ಕವಲೊಡೆಯುತ್ತದೆ ಎಂದು ಬೆರಳಿಟ್ಟು ಗುರುತಿಸುವುದನ್ನು ಮಾತ್ರ ಮಾಡಬೇಕು. ಇದು ಕೂತರೆ ಲೆಕ್ಕ ತಾನಾಗಿ ಬರುತ್ತದೆ.

ಅದೇ ಉತ್ತರದಲ್ಲಿ ಸಮಾಂತರ ಭಾಗ ಸರಿಯಾಗಿ ಬಂದು V = IR ನಲ್ಲಿ ಭಾಗಿಸುವ ಬದಲು ಗುಣಿಸಿದ್ದರೆ ಕೊರತೆ ಸ್ಮರಣೆಯದು, ಅದಕ್ಕೆ ಐದು ನಿಮಿಷ ಸಾಕು. ಕಳೆದುಕೊಂಡ ಅಂಕ ಎರಡರಲ್ಲೂ ಅನ್ವಯದ ಮನೆಯಲ್ಲೇ ಕಾಣುತ್ತದೆ, ಹಾಗಾಗಿ ಹಂತವಾರು ಅಂಕ ನೋಡದೆ ಕಾಲಂ ಮಾತ್ರ ನೋಡಿ ತೀರ್ಮಾನಕ್ಕೆ ಬರಬೇಡಿ.

ಕೊನೆಯದಾಗಿ ‘ಅಥವಾ’ ಇರುವ ಪ್ರಶ್ನೆಗಳು. ನೀಲನಕ್ಷೆಯಲ್ಲಿ ಎರಡು ಆಯ್ಕೆಗಳಲ್ಲಿ ಒಂದನ್ನು ಮಾತ್ರ ಎಣಿಸಿರುತ್ತಾರೆ. ಅಚ್ಚಾದ ಪತ್ರಿಕೆಯ ಎಲ್ಲ ಪ್ರಶ್ನೆಗಳನ್ನು ಕೂಡಿದರೆ 40ಕ್ಕಿಂತ ಹೆಚ್ಚು ಬರುವುದು ಇದರಿಂದಲೇ, ನಿಮ್ಮ ಲೆಕ್ಕ ತಪ್ಪಿಲ್ಲ. ಪತ್ರಿಕೆ ಸರಿಯಾಗಿ ತಯಾರಾಗಿದ್ದರೆ ಎರಡೂ ಆಯ್ಕೆಗಳು ಒಂದೇ ಮನೆಯವು: ಒಂದೇ ಅಧ್ಯಾಯ, ಒಂದೇ ಹಂತ, ಅಷ್ಟೇ ಅಂಕ. ವಿದ್ಯುಚ್ಛಕ್ತಿಯ ಅನ್ವಯದ ಪ್ರಶ್ನೆಗೆ ಆಯ್ಕೆಯಾಗಿ ಬರುವುದು ವಿದ್ಯುಚ್ಛಕ್ತಿಯ ಇನ್ನೊಂದು ಅನ್ವಯದ ಪ್ರಶ್ನೆಯೇ. ಆಯ್ಕೆ ಇದೆ ಎಂದು ಆ ಪಾಠದ ಲೆಕ್ಕಗಳನ್ನು ಕೈಬಿಟ್ಟವರಿಗೆ ಎರಡೂ ಬದಿ ಮುಚ್ಚಿಹೋಗಿರುತ್ತದೆ.