ಹತ್ತು ಕಿಲೋ ಮೈಲುತುತ್ತ ಮತ್ತು ಚೀಟಿಯ ಮೇಲಿನ ಸಂಖ್ಯೆ

ಪ್ರಶ್ನೆ: ನಮ್ಮ ಸಹಕಾರಿ ಸಂಘದ ಆ್ಯಪ್‌ನಲ್ಲಿ ಕಂತು ಕಟ್ಟುವಾಗ ನೆಟ್‌ವರ್ಕ್ ಹೋದರೆ ಕೆಲವರ ಹಣ ಎರಡು ಸಲ ಕಡಿತವಾಗುತ್ತಿದೆ. ಇದಕ್ಕೆ ‘ಐಡೆಂಪೊಟೆನ್ಸಿ ಕೀ’ ಬೇಕು, ಮೂರು ವಾರದ ಕೆಲಸ ಎನ್ನುತ್ತಾರೆ ಡೆವಲಪರ್. ‘ಬಟನ್ ಒಂದೇ ಸಲ ಒತ್ತುವ ಹಾಗೆ ಮಾಡಿದರೆ ಸಾಲದೇ?’ ಎಂದು ಆಡಳಿತ ಮಂಡಳಿಯವರು ಕೇಳುತ್ತಿದ್ದಾರೆ. ಎಲ್ಲರೂ ತೋಟಿಗರು. ಆರು ಸ್ಲೈಡ್‌ಗಳಲ್ಲಿ, ಒಂದೇ ಹೋಲಿಕೆ ಹಿಡಿದು ಹೇಗೆ ತಿಳಿಸಲಿ? — ಸಂಘದ ಗಣಕ ವಿಭಾಗದವರು, ಶಿರಸಿ

ಉತ್ತರ: ಬಸ್ಸಿನಲ್ಲಿ ಚೀಟಿ ಕಳಿಸಿ ಪೇಟೆಯಿಂದ ಸಾಮಾನು ತರಿಸುವ ಪದ್ಧತಿಯನ್ನೇ ಹೋಲಿಕೆಯಾಗಿ ಹಿಡಿಯಿರಿ. ಸಭೆಯಲ್ಲಿ ಕುಳಿತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆರೂ ಸ್ಲೈಡ್‌ಗಳಲ್ಲಿ ಚಿತ್ರ ಒಂದೇ ಇರಲಿ: ಎಡಕ್ಕೆ ಹುಲೇಕಲ್ ಕಡೆಯ ಒಂದು ಮನೆ, ಬಲಕ್ಕೆ ಶಿರಸಿ ಪೇಟೆಯ ಅಂಗಡಿ, ನಡುವೆ ಬಸ್ಸು. ಸ್ಲೈಡ್‌ನಿಂದ ಸ್ಲೈಡ್‌ಗೆ ಇವುಗಳ ಜಾಗ ಬದಲಾಗಬಾರದು. ಹೊಸದಾಗಿ ಬಂದದ್ದು ಮಾತ್ರ ಕಣ್ಣಿಗೆ ಬೀಳಬೇಕು. ಐದನೆಯ ಸ್ಲೈಡ್ ಮುಗಿಯುವ ತನಕ ಸರ್ವರ್, ಕೀ ಎಂಬ ಮಾತೇ ಬೇಡ.

ಮೊದಲ ಸ್ಲೈಡ್‌ನಲ್ಲಿ ಚೀಟಿ ಹೊರಡುತ್ತದೆ: ‘ಮೈಲುತುತ್ತ 10 ಕಿಲೋ, ಉದ್ರಿ ಖಾತೆಗೆ ಬರೆಯಿರಿ.’ ಕೊಳೆ ಔಷಧಿ ಹೊಡೆಯುವ ಹೊತ್ತು, ಮಳೆ ಜೋರು. ಸಂಜೆಯಾದರೂ ಸಾಮಾನಿಲ್ಲ, ಮರುಚೀಟಿಯೂ ಇಲ್ಲ. ಇಷ್ಟು ಹೇಳಿ ಮುಂದೆ ಹೋಗಿ.

ಎರಡನೆಯದರಲ್ಲಿ ನಿಲ್ಲಿ. ಹದಿನೈದು ನಿಮಿಷ ಸಿಕ್ಕರೆ ನಾಲ್ಕೈದು ನಿಮಿಷ ಇದಕ್ಕೇ ಕೊಡಿ, ಏಕೆಂದರೆ ಇಡೀ ಸಮಸ್ಯೆ ಇರುವುದು ಇಲ್ಲಿ. ಆಗಿರಬಹುದಾದದ್ದು ಮೂರು. ಚೀಟಿ ಅಂಗಡಿ ಮುಟ್ಟಿಲ್ಲ. ಮುಟ್ಟಿದೆ, ಕೆಲಸ ಆಗಿಲ್ಲ. ಕೆಲಸ ಆಗಿ ಖಾತೆಗೂ ಬರೆದಾಗಿದೆ, ಮರುಚೀಟಿ ಮತ್ತು ಸಾಮಾನು ದಾರಿಯಲ್ಲೇ ಉಳಿದಿದೆ. ಮೂರನ್ನೂ ಒಂದರ ಕೆಳಗೊಂದು ಬಿಡಿಸಿ, ನಿಂತುಹೋದ ಜಾಗಕ್ಕೆ ಕೆಂಪು ಗುರುತು ಹಾಕಿ. ಆಮೇಲೆ ಅಂಗಡಿಯ ಬದಿಯನ್ನು ಪೂರ್ತಿ ಮುಚ್ಚಿಬಿಡಿ. ಮನೆಯಲ್ಲಿ ಕುಳಿತವರಿಗೆ ಮೂರೂ ಒಂದೇ ಥರ ಕಾಣುತ್ತವೆ: ಉತ್ತರ ಬಂದಿಲ್ಲ, ಅಷ್ಟೆ. ಮೊದಲೆರಡು ಸಂದರ್ಭಗಳಲ್ಲಿ ಮತ್ತೆ ಚೀಟಿ ಕಳಿಸಲೇಬೇಕು, ಮೂರನೆಯದರಲ್ಲಿ ಕಳಿಸಲೇಬಾರದು. ಯಾವುದು ಎಂದು ತಿಳಿಯುವ ದಾರಿ ಮಾತ್ರ ಮನೆಯವರಿಗಿಲ್ಲ.

ಮೂರನೆಯ ಸ್ಲೈಡ್‌ನಲ್ಲಿ ಮನೆಯವರು ಅದೇ ಚೀಟಿ ಮತ್ತೊಮ್ಮೆ ಬರೆದು ಕಳಿಸುತ್ತಾರೆ, ಅಂಗಡಿಯ ಖಾತೆಯಲ್ಲಿ 20 ಕಿಲೋ ಏರುತ್ತದೆ. ಇಲ್ಲಿ ಯಾರ ತಪ್ಪೂ ಇಲ್ಲ ಎಂದು ಬಾಯಿಬಿಟ್ಟು ಹೇಳಿ. ಮಂಡಳಿಯ ಬಟನ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬಟನ್ ಮುಚ್ಚಿದರೆ ಅವಸರದಲ್ಲಿ ಎರಡು ಸಲ ಒತ್ತುವುದು ತಪ್ಪುತ್ತದೆ. ಆದರೆ ಉತ್ತರ ಬಾರದಿದ್ದಾಗ ಆ್ಯಪ್ ತಾನಾಗಿಯೇ ಮತ್ತೆ ಕಳಿಸುವುದುಂಟು. ಸದಸ್ಯರು ಆ್ಯಪ್ ಮುಚ್ಚಿ ತೆರೆದು ಹೊಸದಾಗಿ ಕಟ್ಟುವುದೂ ಉಂಟು. ‘ಅಂಗಡಿಗೆ ಫೋನ್ ಮಾಡಿ ಕೇಳಿದರಾಯಿತಲ್ಲ’ ಎಂದು ಯಾರಾದರೂ ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಅಂಗಡಿಯವರು ‘ಬಂದಿಲ್ಲ’ ಎಂದರು ಎನ್ನಿ. ಚೀಟಿ ಇನ್ನೂ ಬಸ್ಸಿನಲ್ಲೇ ಇದ್ದು, ಫೋನ್ ಇಟ್ಟ ಮೇಲೆ ಬಂದು ಮುಟ್ಟಿದರೆ? ಕೇಳಿ ಕಳಿಸಿದರೂ ಎರಡಾಗುತ್ತದೆ.

ನಾಲ್ಕನೆಯದರಲ್ಲಿ ಪರಿಹಾರ. ಚೀಟಿಯ ತಲೆಯ ಮೇಲೆ ಮನೆಯವರೇ ಒಂದು ಸಂಖ್ಯೆ ಬರೆಯುತ್ತಾರೆ, 417 ಎನ್ನಿ. ಕಳಿಸುವ ಮೊದಲೇ ಬರೆದು ತಮ್ಮ ಪುಸ್ತಕದಲ್ಲೂ ಗುರುತು ಹಾಕಿಕೊಳ್ಳುತ್ತಾರೆ. ಮತ್ತೆ ಕಳಿಸಬೇಕಾದರೆ ಅದೇ 417. ಸಂಖ್ಯೆಯನ್ನು ಅಂಗಡಿಯವರು ಕೊಟ್ಟರೆ ಪ್ರಯೋಜನವಿಲ್ಲ. ಎರಡು ಚೀಟಿಗೆ ಎರಡು ಸಂಖ್ಯೆ ಕೊಡುತ್ತಾರೆ. ‘ಅದೇ ಮನೆ, ಅದೇ 10 ಕಿಲೋ, ಅಂಗಡಿಯವರಿಗೆ ಗೊತ್ತಾಗದೇ?’ ಎಂಬ ಸಂಶಯಕ್ಕೆ ಎರಡನೆಯ ಸಲದ ಔಷಧಿಯ ಉದಾಹರಣೆ ಕೊಡಿ. ಮೊದಲ ಸಲ ಹೊಡೆದು 40–45 ದಿನಕ್ಕೆ ಅದೇ ಮನೆಯಿಂದ ಅದೇ 10 ಕಿಲೋಗೆ ಚೀಟಿ ಬರುತ್ತದೆ. ಅದು ನಿಜವಾದ ಹೊಸ ಬೇಡಿಕೆ, ಅದಕ್ಕೆ 418. ಒಂದೇ ಸದಸ್ಯರು ಒಂದೇ ಮೊತ್ತದ ಎರಡು ಕಂತನ್ನು ಬೇಕೆಂದೇ ಒಂದೇ ದಿನ ಕಟ್ಟಬಹುದು. ಮೊತ್ತ ನೋಡಿ ತಡೆದರೆ ಅವರ ಎರಡನೆಯ ಕಂತು ಹೋಗಿ ಮುಟ್ಟುವುದೇ ಇಲ್ಲ. 417ರಲ್ಲೇ ಈಗ ‘15 ಕಿಲೋ’ ಎಂದು ಬಂದರೆ ಅಂಗಡಿ ಕೊಡಬಾರದು, ತಪ್ಪಿದೆ ಎಂದು ವಾಪಸು ಕಳಿಸಬೇಕು.

ಐದನೆಯ ಸ್ಲೈಡ್ ಅಂಗಡಿಯ ನೋಟ್‌ಬುಕ್. ಮೂರು ವಾರದ ಕೆಲಸದಲ್ಲಿ ಹೆಚ್ಚಿನ ಪಾಲು ಇಲ್ಲಿಯದು. ನೋಟ್‌ಬುಕ್‌ನಲ್ಲಿ ಸಂಖ್ಯೆಯ ಎದುರು ಅಂಗಡಿ ಕೊಟ್ಟ ಉತ್ತರವೂ ಇರುತ್ತದೆ. 417 ಮತ್ತೆ ಬಂದರೆ ಸಾಮಾನು ಕಟ್ಟದೆ, ಹಳೆಯ ಉತ್ತರವನ್ನೇ ನಕಲು ಮಾಡಿ ಕಳಿಸುತ್ತಾರೆ. ಈಗ ಅಂಗಡಿಯಲ್ಲಿ ಇಬ್ಬರು ಗುಮಾಸ್ತರನ್ನು ಕೂರಿಸಿ, ಎರಡು 417 ಒಟ್ಟಿಗೇ ಇಬ್ಬರ ಕೈಗೂ ಬರಲಿ. ಇಬ್ಬರೂ ನೋಟ್‌ಬುಕ್ ನೋಡಿ, ಇಲ್ಲವೆಂದು ತಿಳಿದು, ಸಾಮಾನು ಕೊಟ್ಟು, ಆಮೇಲೆ ಬರೆದರೆ ಮತ್ತೆ 20 ಕಿಲೋ. ಹಾಗಾಗಿ ಮೊದಲು ಸಂಖ್ಯೆ ಬರೆದು ‘ನಡೆಯುತ್ತಿದೆ’ ಎನ್ನಬೇಕು; ಒಂದು ಸಂಖ್ಯೆಯನ್ನು ಎರಡು ಸಲ ಬರೆಯಲು ನೋಟ್‌ಬುಕ್ಕೇ ಬಿಡಬಾರದು. ಆದರೆ ಸಂಖ್ಯೆ ಬರೆದು ಸಾಮಾನು ಕೊಡುವ ಮೊದಲೇ ಅಂಗಡಿ ಬಾಗಿಲು ಹಾಕಬೇಕಾಗಿ ಬಂದರೆ, 417 ಎಂದೆಂದಿಗೂ ‘ನಡೆಯುತ್ತಿದೆ’ ಎಂದೇ ಉಳಿಯುತ್ತದೆ.

ಹೋಲಿಕೆ ಕೈಬಿಡುವ ಜಾಗ ಇದು, ಹಾಗೆಂದು ಹೇಳಿಬಿಡಿ. ಅಂಗಡಿಯಲ್ಲಿ ನೋಟ್‌ಬುಕ್ ಬರೆಯುವುದು, ಸಾಮಾನು ಕಟ್ಟುವುದು ಎರಡು ಬೇರೆ ಕೆಲಸ. ಸಂಘದ ಡೇಟಾಬೇಸ್‌ನಲ್ಲಿ ಸಂಖ್ಯೆಯ ದಾಖಲೆ ಮತ್ತು ಖಾತೆಯ ಜಮಾ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಬಹುದು: ಆಗುವುದಾದರೆ ಎರಡೂ ಆಗುತ್ತವೆ, ಇಲ್ಲವಾದರೆ ಎರಡೂ ಇಲ್ಲ. ಹಣ ಬೇರೆ ಬ್ಯಾಂಕಿನ ಮೂಲಕ ಬರುವಲ್ಲಿ ಈ ಅನುಕೂಲ ಇಲ್ಲ. ಅಲ್ಲಿಗೂ ಒಂದು ಸಂಖ್ಯೆ ಕಳಿಸಬೇಕು, ಅರ್ಧಕ್ಕೆ ನಿಂತವುಗಳನ್ನು ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡಬೇಕು.

ಆರನೆಯದರಲ್ಲಿ ಅದೇ ಚಿತ್ರದ ಮೇಲೆ ಹೆಸರು ಬದಲಿಸಿ: ಮನೆ ಎಂದರೆ ಆ್ಯಪ್, ಬಸ್ಸು ನೆಟ್‌ವರ್ಕ್, ಅಂಗಡಿ ಸರ್ವರ್, 417 ಐಡೆಂಪೊಟೆನ್ಸಿ ಕೀ. ನಿಜದ ಕೀ 417ರಷ್ಟು ಚಿಕ್ಕದಲ್ಲ. ಸಾವಿರಾರು ಮನೆಗಳು ತಮ್ಮಷ್ಟಕ್ಕೆ ಸಂಖ್ಯೆ ಹಾಕಿದರೂ ಒಂದಕ್ಕೊಂದು ಹೊಂದಬಾರದೆಂದು ಸಾಮಾನ್ಯವಾಗಿ ಯುಯುಐಡಿ ಎಂಬ 36 ಅಕ್ಷರಗಳ ಸಾಲನ್ನು ಬಳಸುತ್ತಾರೆ, `Idempotency-Key` ಎಂಬ ಹೆಡರ್‌ನಲ್ಲಿ ಕಳಿಸುತ್ತಾರೆ. ಇದು ಡೆವಲಪರ್‌ಗೆ; ಸ್ಲೈಡ್‌ನಲ್ಲಿ ಬೇಡ.

ಮಂಡಳಿಯ ಎದುರು ಎರಡು ಪ್ರಶ್ನೆ ಇಡಿ. ನೋಟ್‌ಬುಕ್‌ನ ಹಳೆಯ ಹಾಳೆ ಎಷ್ಟು ದಿನ ಇಡಬೇಕು? ಆ್ಯಪ್ ಮೂರು ದಿನದವರೆಗೆ ಮತ್ತೆ ಕಳಿಸುವುದಾದರೆ 24 ಗಂಟೆಗೇ ಹಾಳೆ ಹರಿಯುವಂತಿಲ್ಲ. ಏಳು ದಿನ ಇಟ್ಟರೆ ಸಾಕಷ್ಟು ಅಂತರ ಸಿಗುತ್ತದೆ. ಎರಡನೆಯದು, ಮನೆಯ ಪುಸ್ತಕವೇ ಕಳೆದುಹೋದರೆ? ಫೋನ್ ಬದಲಾದರೆ ಹಳೆಯ ಕೀ ಹೋಗುತ್ತದೆ, ಹೊಸ ಚೀಟಿಗೆ ಹೊಸ ಸಂಖ್ಯೆ ಬೀಳುತ್ತದೆ. ಅದಕ್ಕಾಗಿ ಕಂತು ಕಟ್ಟುವ ಪರದೆಯಲ್ಲೇ ಹಿಂದಿನ ಜಮಾಗಳನ್ನು ತೋರಿಸಬೇಕು.

ಕೆಲಸ ಮುಗಿಯಿತೆಂದು ಡೆವಲಪರ್ ಹೇಳಿದ ದಿನ ಎರಡನೆಯ ಸ್ಲೈಡ್‌ನ ಮೂರನೆಯ ಸಂದರ್ಭವನ್ನೇ ಪರೀಕ್ಷೆಗೆ ಹಚ್ಚಿ. ಏರೋಪ್ಲೇನ್ ಮೋಡ್ ಹಾಕಿ ಒತ್ತಿದರೆ ಚೀಟಿ ಹೊರಡುವುದೇ ಇಲ್ಲ, ಅದು ಮೊದಲ ಸಂದರ್ಭದ ಪರೀಕ್ಷೆ ಮಾತ್ರ. ಪರೀಕ್ಷಾ ಸರ್ವರ್‌ನಲ್ಲಿ ಜಮಾ ಆದ ಮೇಲೆ ಉತ್ತರವನ್ನು ತಡೆಹಿಡಿಯಲು ಹೇಳಿ, ಆ್ಯಪ್ ಮತ್ತೆ ಕಳಿಸುವವರೆಗೆ ಕಾಯಿರಿ, ಆಮೇಲೆ ಖಾತೆ ತೆರೆದು ನೋಡಿ. ಜಮಾ ಒಂದೇ ಸಾಲು ಇರಬೇಕು, ಆ್ಯಪ್‌ನಲ್ಲಿ ಮೊದಲಿನದೇ ರಸೀದಿ ಸಂಖ್ಯೆ ಬರಬೇಕು. ಬೇರೆ ರಸೀದಿ ಸಂಖ್ಯೆ ಬಂದರೆ ಕೆಲಸ ಇನ್ನೂ ಬಾಕಿ ಇದೆ.