ಪಟ್ಟಿಯಲ್ಲಿ ನಾದಿನಿ ಕೊನೆಗಿದ್ದಳು

ಸಾಲದ ಪಟ್ಟಿ ಹಿಡಿದು ಬರುವವರಿಗೆ ನಾನು ಒಂದೇ ಸಲಹೆ ಕೊಡುತ್ತಿದ್ದೆ. ಯಾವುದಕ್ಕೆ ಬಡ್ಡಿ ಜಾಸ್ತಿಯೋ ಅದನ್ನು ಮೊದಲು ಹೊಡೆಯಿರಿ, ಮಿಕ್ಕಿದ್ದಕ್ಕೆ ಕಟ್ಟಲೇಬೇಕಾದ ಕಂತು ಮಾತ್ರ ಕಟ್ಟಿ. ಇದಕ್ಕೆ ಅವಲಾಂಚ್ ವಿಧಾನ ಅಂತಾರೆ. ಬಡ್ಡಿ ನೋಡದೆ ಚಿಕ್ಕ ಸಾಲದಿಂದ ಶುರು ಮಾಡಿ ದೊಡ್ಡದಕ್ಕೆ ಹೋಗುವುದು ಸ್ನೋಬಾಲ್. ನಮ್ಮ ಕಡೆ ಹಿಮ ಕಂಡವರೇ ಇಲ್ಲ, ಆದರೂ ಹೆಸರು ಅದೇ ಬಂದಿದೆ, ಇರಲಿ. ಸ್ನೋಬಾಲ್ ಅಂದರೆ ಲೆಕ್ಕ ಬರದವರ ದಾರಿ ಅಂತ ನಾನು ಬಾಯಿಬಿಟ್ಟು ಹೇಳಿದ್ದೂ ಇದೆ. ಈ ಪ್ರಕರಣ ಆದಮೇಲೆ ಹೇಳುತ್ತಿಲ್ಲ. ಇದೇ ಥರದ ಮೂರ್ನಾಲ್ಕು ಮನೆಗಳನ್ನು ಆಮೇಲೆ ನೋಡಿದ್ದರಿಂದ ಬರೆದಿಡುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ.

ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರು. ಆಕೆ ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಗಂಡ ಗೂಡ್ಸ್ ಆಟೋ ಓಡಿಸುತ್ತಾರೆ. ಇಬ್ಬರದೂ ಸೇರಿ ತಿಂಗಳಿಗೆ 46,000. ಸಾಲಕ್ಕೆ ಎತ್ತಿಡಲು ಆಗುವುದು 20,000. ಟೀಚರ್ ಅಂತಲೇ ಕರೆಯುತ್ತೇನೆ.

ಮೊದಲ ದಿನ ಅವರು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದದ್ದು ನಾಲ್ಕು ಸಾಲ. ಬ್ಯಾಂಕಿನ ಪರ್ಸನಲ್ ಲೋನ್ 2,40,000, ಮುಂದೆ '15' ಅಂತ ಬರೆದಿತ್ತು. ಕ್ರೆಡಿಟ್ ಕಾರ್ಡ್ 90,000, ಮುಂದೆ '3.5'. ಮಹಿಳಾ ಸಂಘದ ಸಾಲ 21,000, ಮುಂದೆ '2'. ನಾದಿನಿ ಹತ್ತಿರ ಕೈಸಾಲ 20,000, ಮುಂದೆ ಒಂದು ಅಡ್ಡಗೆರೆ. '15'ರ ಸುತ್ತ ಕೆಂಪು ಪೆನ್ನಿನಲ್ಲಿ ಎರಡು ಸಲ ಸುತ್ತಿದ್ದರು. ಇದನ್ನೇ ಮೊದಲು ತೀರಿಸಬೇಕು ಅಂತ ಗಂಡ ಹೆಂಡತಿ ಮಾತಾಡಿಕೊಂಡು ಬಂದಿದ್ದರು.

ಇಲ್ಲಿ ತುಂಬಾ ಜನ ಎಡವುತ್ತಾರೆ. ಬ್ಯಾಂಕು ಹೇಳುವ 15 ಅಂದರೆ ನೂರಕ್ಕೆ ವರ್ಷಕ್ಕೆ ಹದಿನೈದು. ಸಂಘದಲ್ಲಿ 'ಎರಡು ರೂಪಾಯಿ ಬಡ್ಡಿ' ಅಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ 24. ಕಾರ್ಡಿನ 3.5 ಕೂಡ ತಿಂಗಳದ್ದೇ, ವರ್ಷಕ್ಕೆ 42. ಆ ಬಡ್ಡಿಯ ಮೇಲೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತದೆ. 90,000 ಬಾಕಿಗೆ ತಿಂಗಳ ಬಡ್ಡಿ 3,150, ಜಿಎಸ್‌ಟಿ ಸೇರಿದರೆ 3,717. ಅವರು ಕಟ್ಟುತ್ತಿದ್ದ ಕನಿಷ್ಠ ಮೊತ್ತ 4,500. ಅಂದರೆ ತಿಂಗಳೆಲ್ಲ ಒದ್ದಾಡಿ ಕಟ್ಟಿದ್ದರಲ್ಲಿ ಅಸಲಿಗೆ ಹೋಗುತ್ತಿದ್ದದ್ದು 783 ರೂಪಾಯಿ. ಟೀಚರ್ ಆ ಅಂಕಿಯನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತರು.

ಕಡ್ಡಾಯ ಕಂತುಗಳು ಹೋದಮೇಲೆ ಕೈಯಲ್ಲಿ ಮಿಗುತ್ತಿದ್ದದ್ದು 4,780. ಪ್ರಶ್ನೆ ಇಷ್ಟೇ, ಈ 4,780 ಯಾವ ಸಾಲಕ್ಕೆ ಹೋಗಬೇಕು? ನಾನು ಎರಡೂ ರೀತಿ ಲೆಕ್ಕ ಹಾಕಿ ತೋರಿಸಿದೆ. ಕಾರ್ಡಿಗೆ ಮೊದಲು ಕಟ್ಟಿದರೆ ಕಾರ್ಡು, ಸಂಘ, ನಾದಿನಿ ಮೂರೂ 14 ತಿಂಗಳಲ್ಲಿ ಮುಗಿಯುತ್ತವೆ. ನಾದಿನಿ, ಸಂಘ, ಆಮೇಲೆ ಕಾರ್ಡು ಅಂತ ಹೋದರೆ 15 ತಿಂಗಳು, ಒಟ್ಟು ಸುಮಾರು 12,300 ರೂಪಾಯಿ ಜಾಸ್ತಿ. ಪರ್ಸನಲ್ ಲೋನ್ ಎರಡರಲ್ಲೂ ಕೊನೆಗೇ ಬರುತ್ತದೆ, ಅವಧಿಗೆ ಮುಂಚೆ ತೀರಿಸಿದರೆ ಶುಲ್ಕವೂ ಇದೆ ಅಂತ ಅವರ ಪತ್ರದಲ್ಲೇ ಬರೆದಿತ್ತು. ಹನ್ನೆರಡು ಸಾವಿರ ಸುಮ್ನೆ ಯಾಕೆ ಕಳೀತೀರಿ ಅಂದೆ. ಅವರೂ ಹೌದು ಅಂದರು. ಮೊದಲು ಕಾರ್ಡು, ಬಡ್ಡಿಯೇ ಇಲ್ಲದ ನಾದಿನಿ ಕಟ್ಟಕಡೆಗೆ ಅಂತ ಹಾಳೆಯ ಮೇಲೆ ಬರೆದುಕೊಟ್ಟೆ.

ನಾಲ್ಕು ತಿಂಗಳು ಬಿಟ್ಟು ಬಂದರು. ನನ್ನ ಲೆಕ್ಕದ ಪ್ರಕಾರ ಕಾರ್ಡಿನ ಬಾಕಿ 66,000ದ ಆಸುಪಾಸು ಇರಬೇಕಿತ್ತು. ಸ್ಟೇಟ್‌ಮೆಂಟಿನಲ್ಲಿದ್ದದ್ದು 88,000.

ಮೊದಲು ನನಗೆ ಬಂದದ್ದು ಸಿಟ್ಟು, ಒಪ್ಪಿಕೊಳ್ಳುತ್ತೇನೆ. ಕಟ್ಟಿಲ್ಲ ಅಂದುಕೊಂಡೆ. ನೋಡಿದರೆ ಪ್ರತಿ ತಿಂಗಳೂ 9,280 ಕಟ್ಟಿದ್ದಾರೆ, ಒಂದು ದಿನ ತಡ ಮಾಡಿಲ್ಲ. ಕೆಳಗೆ ಖರ್ಚಿನ ಸಾಲುಗಳು. ದಿನಸಿ 3,100. ಶಾಲೆ ವ್ಯಾನು 2,400. ಗಂಡನ ಗಾಡಿಗೆ ಡೀಸೆಲ್, ಎಂಟುನೂರು, ಎಂಟುನೂರು, ಮತ್ತೆ ಎಂಟುನೂರು. ಸೀರೆ ಇಲ್ಲ, ಹೋಟೆಲ್ ಇಲ್ಲ, ಎಲ್ಲ ಮನೆ ನಡೆಸುವ ಖರ್ಚೇ.

"ಇದಕ್ಕೆಲ್ಲ ಬೇರೆ ದುಡ್ಡು ತೆಗೆದಿಟ್ಟಿದ್ವಲ್ಲ ಟೀಚರ್, ಕಾರ್ಡು ಯಾಕೆ ಉಜ್ಜಿದ್ರಿ?" ಅಂದೆ.

ಅವರು ತಕ್ಷಣ ಉತ್ತರ ಕೊಡಲಿಲ್ಲ. ಬ್ಯಾಗಿನಿಂದ ನಾನು ಬರೆದುಕೊಟ್ಟಿದ್ದ ಹಾಳೆ ತೆಗೆದರು. ನಾಲ್ಕು ಮಡಿಕೆ ಮಾಡಿ ಇಟ್ಟದ್ದು, ಮಡಿಕೆಯ ಜಾಗದಲ್ಲಿ ಹರಿದಿತ್ತು.

"ಸಾರ್, ನೀವು ನಾದಿನೀನ ಕೊನೇಲಿ ಬರೆದ್ರಿ. ನಮ್ಮನೇಲಿ ಅವಳೇ ಮೊದಲು."

ಆಮೇಲೆ ಒಂದೊಂದೇ ಹೊರಗೆ ಬಂತು. ಗೌರಿ ಹಬ್ಬಕ್ಕೆ ನಾದಿನಿ ಬಂದಿದ್ದಾಳೆ. ದುಡ್ಡು ಕೇಳಲಿಲ್ಲ. ಊಟ ಮಾಡಿ ಕೈ ತೊಳೆಯುತ್ತಾ, "ಅತ್ತಿಗೆ, ನನ್ನ ಚೈನು ಇನ್ನೂ ಬ್ಯಾಂಕಲ್ಲೇ ಇದೆ" ಅಂದಳಂತೆ, ಅಷ್ಟೇ. ಇವರಿಗೆ ದುಡ್ಡು ಕೊಡಬೇಕು ಅಂತ ಅವಳು ತನ್ನ ಚೈನು ಅಡವಿಟ್ಟಿದ್ದು ಟೀಚರಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ತಿಂಗಳ ದಿನಸಿ ದುಡ್ಡಿನಲ್ಲಿ 5,000 ತೆಗೆದು ಕೊಟ್ಟರು. ಮುಂದಿನ ತಿಂಗಳು ಇನ್ನೊಂದು 5,000. ಸಂಘದ ಸಭೆಗೆ ಬರಿಗೈಯಲ್ಲಿ ಹೋಗುವಂತಿಲ್ಲ, ಅಲ್ಲಿ ಎಲ್ಲರೂ ಪಕ್ಕದ ಬೀದಿಯವರೇ. ಮನೆಗೆ ಅಂತ ಇಟ್ಟ ದುಡ್ಡು ಹೀಗೆ ಖಾಲಿ. ಇತ್ತ ಮೊಬೈಲಿನಲ್ಲಿ, ಕಾರ್ಡಿಗೆ ಕಟ್ಟಿದಾಗಲೆಲ್ಲ ಮತ್ತೆ ಬಳಸಲು ಸಿಗುವ ಲಿಮಿಟ್ ಏರುತ್ತಿತ್ತು.

"ನಾವು ಕಟ್ಟಿದ ದುಡ್ಡು ಅಲ್ಲೇ ಕೂತಿರೋ ಹಾಗೆ ಕಾಣ್ತಿತ್ತು ಸಾರ್. ಬಡ್ಡಿ ಇಲ್ಲದ ಸಾಲಾನ ನಲವತ್ತೆರಡು ಪರ್ಸೆಂಟ್ ದುಡ್ಡಲ್ಲಿ ತೀರಿಸಿದೆ, ಅಲ್ವಾ?"

ಅವರೇ ಲೆಕ್ಕ ಮಾಡಿಬಿಟ್ಟಿದ್ದರು. ನಾನು ಹೇಳಲು ಉಳಿದದ್ದು ಇನ್ನೊಂದು ಕೆಟ್ಟ ಸುದ್ದಿ ಮಾತ್ರ. ಕಾರ್ಡಿನಲ್ಲಿ ಹಳೆ ಬಾಕಿ ಇರುವಾಗ ಹೊಸ ಖರೀದಿಗೆ ಆ ನಲವತ್ತು ಚಿಲ್ಲರೆ ದಿನಗಳ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ದಿನಸಿಗೆ ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ.

ನನ್ನ ತಪ್ಪು ಎಲ್ಲಿತ್ತು ಅಂತ ಆ ರಾತ್ರಿ ಯೋಚಿಸಿದೆ. ಅವಲಾಂಚ್ ಲೆಕ್ಕದಲ್ಲಿ ಒಂದು ಊಹೆ ಇದೆ, ಕಟ್ಟಿದ ಸಾಲ ಕಟ್ಟಿದಂತೆಯೇ ಇರುತ್ತದೆ ಅನ್ನುವುದು. ಪರ್ಸನಲ್ ಲೋನಿಗೆ ಕಟ್ಟಿದ್ದು ವಾಪಸ್ ಬರುವುದಿಲ್ಲ. ಕಾರ್ಡಿಗೆ ಕಟ್ಟಿದ್ದು ಮಾರನೇ ದಿನವೇ ಲಿಮಿಟ್ ಆಗಿ ಎದುರಿಗೆ ಬಂದು ನಿಲ್ಲುತ್ತದೆ. ಮನೆಯಲ್ಲಿ ನಗದು ಬಿಗಿಯಾಗಿದ್ದು, ಕೈ ಒಡ್ಡಿ ನಿಂತವರು ಹತ್ತಿರದವರೇ ಆದರೆ, ಮಿಕ್ಕ ದುಡ್ಡೆಲ್ಲ ಕಾರ್ಡಿಗೆ ಸುರಿಯುವುದು ತೂತಿನ ಬಿಂದಿಗೆಗೆ ನೀರು ಹೊಯ್ದ ಹಾಗೆ. ನಾನು ತೋರಿಸಿದ 12,300 ಉಳಿತಾಯ ಕಾಗದದ ಮೇಲೆ ಸರಿ ಇತ್ತು, ಆದರೆ ಕಾರ್ಡಿನಲ್ಲಿ ನಾಲ್ಕೇ ತಿಂಗಳಲ್ಲಿ 22,000 ಹಿಂದೆ ಬಿದ್ದಿದ್ದೆವು.

ಎರಡನೇ ಯೋಜನೆ ಹೀಗಿತ್ತು. ಮೊದಲು ಬಿಂದಿಗೆಯ ತೂತು ಮುಚ್ಚಬೇಕು. ಕಾರ್ಡಿನ ಬಾಕಿಯನ್ನು ಕಂತಿಗೆ ಬದಲಾಯಿಸಿ ಅಂತ ಬ್ಯಾಂಕಿಗೆ ಕೇಳಿಸಿದೆ. 88,000ಕ್ಕೆ ವರ್ಷಕ್ಕೆ 18ರ ಬಡ್ಡಿಯಲ್ಲಿ 24 ತಿಂಗಳು ಕೊಟ್ಟರು. ಕಂತು ಸುಮಾರು 4,400, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿ ಮೊದಲ ತಿಂಗಳು 4,630ರ ಹತ್ತಿರ. ಮೊದಲು ಕಟ್ಟುತ್ತಿದ್ದ ಕನಿಷ್ಠ ಮೊತ್ತಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ, ಆದರೆ ಇದು ಎರಡು ವರ್ಷಕ್ಕೆ ಮುಗಿಯುತ್ತದೆ. ಎಲ್ಲರಿಗೂ ಇದೇ ದರ ಸಿಗುತ್ತದೆ ಅಂತಿಲ್ಲ, ಮೊದಲಿಗೆ ಒಂದು ಶುಲ್ಕವೂ ಹಿಡಿಯುತ್ತಾರೆ, ದರ ಕೇಳಿ ಆಮೇಲೆ ಹೂಂ ಅನ್ನಿ. ಕಂತು ಕಟ್ಟಿದಷ್ಟೂ ಲಿಮಿಟ್ ಮತ್ತೆ ಬಿಟ್ಟುಕೊಳ್ಳುತ್ತದೆ, ಹಾಗಾಗಿ ನನ್ನ ಎದುರಿಗೇ ಆ್ಯಪ್ ತೆಗೆಸಿ ಅಂಗಡಿ, ಆನ್‌ಲೈನ್ ಎರಡೂ ವಹಿವಾಟು ಆಫ್ ಮಾಡಿಸಿದೆ.

ಇಷ್ಟಾದಮೇಲೆ ಪಟ್ಟಿಯೇ ಬದಲಾಯಿತು. ಕಾರ್ಡು ಜಿಎಸ್‌ಟಿ ಸೇರಿ 21ರ ಆಸುಪಾಸಿಗೆ ಇಳಿದಿದ್ದರಿಂದ ಈಗ ಜಾಸ್ತಿ ಬಡ್ಡಿ ಸಂಘದ್ದು, 24. ಅಲ್ಲಿ ಉಳಿದಿದ್ದದ್ದು 12,800ರಷ್ಟು. ಸಂಘದವರು ಬಡ್ಡಿ ಹಿಡಿಯುವುದು ಉಳಿದ ಅಸಲಿನ ಮೇಲೋ ಮೊದಲು ಕೊಟ್ಟ ಪೂರ್ತಿ ಮೊತ್ತದ ಮೇಲೋ ಅಂತ ಪುಸ್ತಕ ತರಿಸಿ ನೋಡಿದೆ, ಉಳಿದದ್ದರ ಮೇಲೇ ಇತ್ತು. ಪೂರ್ತಿ ಮೊತ್ತದ ಮೇಲೆ ಇದ್ದಿದ್ದರೆ ಅಸಲಿಗೆ ಸ್ವಲ್ಪ ಸ್ವಲ್ಪ ಜಾಸ್ತಿ ಕಟ್ಟಿದರೂ ತಿಂಗಳ ಬಡ್ಡಿ ಇಳಿಯುತ್ತಿರಲಿಲ್ಲ. ನಾದಿನಿಗೆ ಇನ್ನು 10,000.

ಶುದ್ಧ ಅವಲಾಂಚ್ ಪ್ರಕಾರ ಸಂಘ ಮೊದಲು. ನಾನು ನಾದಿನಿ ಮೊದಲು ಅಂದೆ. ಹಾಗೆ ಮಾಡಿದ್ದಕ್ಕೆ ಸಂಘಕ್ಕೆ ಜಾಸ್ತಿ ಹೋಗುವ ಬಡ್ಡಿ ಸುಮಾರು 300 ರೂಪಾಯಿ. ಮೂರನೇ ತಿಂಗಳಿಗೆ ನಾದಿನಿ, ನಾಲ್ಕನೇ ತಿಂಗಳಿಗೆ ಸಂಘ ಮುಗಿದರೆ ಆಮೇಲೆ ತಿಂಗಳಿಗೆ 7,000 ಬಿಡುವಾಗುತ್ತದೆ, ಅದರಲ್ಲಿ ಎರಡು ಸಾವಿರ ಕೈಖರ್ಚಿನ ಡಬ್ಬಿಗೆ, ಐದು ಸಾವಿರ ಕಾರ್ಡಿನ ಕಂತಿನ ಸಾಲಕ್ಕೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದನ್ನು ಕೇಳಿ, ಭಾವನೆಗೆ ಸೋತೆ ನೀನು, ಬಡ್ಡಿ ಇಲ್ಲದ ಸಾಲವನ್ನು ಯಾರಾದರೂ ಮೊದಲು ತೀರಿಸುತ್ತಾರಾ ಅಂದರು. ಬಡ್ಡಿ ಇಲ್ಲ ಅಂತ ಯಾರು ಹೇಳಿದ್ದು? ಚೈನಿನ ಮೇಲೆ ಬಡ್ಡಿ ಬೆಳೆಯುತ್ತಿತ್ತು, ಕಟ್ಟುತ್ತಿದ್ದವಳು ನಾದಿನಿ, ನಮ್ಮ ಹಾಳೆಯಲ್ಲಿ ಮಾತ್ರ ಅಡ್ಡಗೆರೆ. ಅದೂ ಬೇಡ, 300 ರೂಪಾಯಿ ಉಳಿಸಲು ಮತ್ತೆ ದಿನಸಿ ದುಡ್ಡಿಗೆ ಕೈ ಹಾಕಿಸುವ ಧೈರ್ಯ ನನಗಿರಲಿಲ್ಲ. ಹಾಗಂತ ಎಲ್ಲರಿಗೂ ಸ್ನೋಬಾಲ್ ಹೇಳುವುದಿಲ್ಲ. ಕಾರ್ಡು ನಿಜವಾಗಿ ಮುಟ್ಟದೇ ಇರುವವರು, ಸಂಬಳ ಪಕ್ಕಾ ಇರುವವರು, ಕಂತಿಗೆ ಬದಲಾಯಿಸಲು ಬ್ಯಾಂಕು ಒಪ್ಪದಿದ್ದವರು ಕಾರ್ಡನ್ನೇ ಮೊದಲು ಹೊಡೆಯಲಿ, ತಿಂಗಳಿಗೆ ಮೂರೂವರೆ ಅಂದರೆ ಆಟ ಅಲ್ಲ. ಚಿನ್ನದ ಸಾಲದ ಗಡುವು ಹತ್ತಿರ ಬಂದು ಹರಾಜಿನ ನೋಟೀಸು ಕೈಯಲ್ಲಿದ್ದರೆ ಎರಡೂ ವಿಧಾನ ಪಕ್ಕಕ್ಕಿಟ್ಟು ಅದನ್ನು ನೋಡಬೇಕು.

ಈಗ ಹೊಸಬರು ಪಟ್ಟಿ ತಂದಾಗ ಬಡ್ಡಿಯ ಜೊತೆ ಇನ್ನೊಂದು ಕಾಲಂ ಹಾಕಿಸುತ್ತೇನೆ: 'ಈ ತಿಂಗಳು ಕೊಡದಿದ್ದರೆ ಯಾರು ಬರುತ್ತಾರೆ?' ಮೂರು ತಿಂಗಳ ಕಾರ್ಡ್ ಸ್ಟೇಟ್‌ಮೆಂಟ್ ತರಲು ಹೇಳುತ್ತೇನೆ, ಬಾಕಿ ನೋಡಲು ಅಲ್ಲ, ಖರೀದಿಯ ಸಾಲುಗಳನ್ನು ನೋಡಲು.

ಟೀಚರ್ ನಾದಿನಿಯದ್ದು ಮೂರನೇ ತಿಂಗಳಿಗೇ ಮುಗಿಸಿದರು, ಚೈನು ಬಿಡಿಸಿಕೊಂಡಳಂತೆ. ಮುಂದಿನ ತಿಂಗಳು ಸಂಘದ ಪುಸ್ತಕದ ಫೋಟೋ ಕಳಿಸಿದರು, ಬಾಕಿ ಕಾಲಂನಲ್ಲಿ ಸೊನ್ನೆ. ಅದರ ಕೆಳಗೇ ಇನ್ನೊಂದು ಮೆಸೇಜು: "ಸಾಲ ಕ್ಲಿಯರ್ ಆಗಿದೆ, ಹೊಸದಾಗಿ 30,000 ಕೊಡ್ತೀವಿ ಅಂತಿದ್ದಾರೆ, ತಗೊಳ್ಳೋಣ್ವಾ ಸಾರ್?" ಬೇಡ ಅಂತ ಬರೆದೆ. ಸರಿ ಸಾರ್ ಅಂದರು. ಮುಂದಿನ ಸಲ ಬರುವಾಗ ಪುಸ್ತಕ ತನ್ನಿ ಅಂದಿದ್ದೇನೆ.